ಘರ್ಷಣೆಯನ್ನು ಒಳಗೊಂಡ ಚಲನೆಯ ಲೆಕ್ಕಗಳು (ಒಂಬತ್ತನೆಯ ತರಗತಿ)

ಘರ್ಷಣೆಯನ್ನು ಒಳಗೊಂಡ ಚಲನೆಯ ಲೆಕ್ಕಗಳು ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಬಲ ಮತ್ತು ಚಲನೆಯ ನಿಯಮಗಳ ಪಾಠದ ಜೊತೆಗೆ ಬರುವ ಸಂಖ್ಯಾತ್ಮಕ ಪ್ರಶ್ನೆಗಳ ಒಂದು ಗುಂಪು. ನೆಲದ ಮೇಲೆ ತಳ್ಳಿದ ಪೆಟ್ಟಿಗೆ, ಜಾರುತ್ತ ಹೋಗಿ ನಿಲ್ಲುವ ವಸ್ತು, ಬೋಗಿಗಳನ್ನು ಎಳೆಯುವ ಎಂಜಿನ್ ಇವು ಈ ಗುಂಪಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸನ್ನಿವೇಶಗಳು. ಇವುಗಳಿಗೆ ಬೇಕಾಗುವ ಗಣಿತ ಸರಳವಾದದ್ದು: ನ್ಯೂಟನ್ನನ ಎರಡನೆಯ ನಿಯಮದ `F = ma` ಎಂಬ ಸೂತ್ರ ಮತ್ತು ಚಲನೆಯ ಮೂರು ಸಮೀಕರಣಗಳು. ಆದರೂ ಉತ್ತರಗಳು ತಪ್ಪುವುದುಂಟು. ತಪ್ಪು ಸಾಮಾನ್ಯವಾಗಿ ಗುಣಾಕಾರ ಭಾಗಾಕಾರಗಳಲ್ಲಿ ಇರುವುದಿಲ್ಲ. ಸೂತ್ರದಲ್ಲಿನ `F` ಯಾವ ಬಲ, `m` ಯಾವ ವಸ್ತುವಿನ ದ್ರವ್ಯರಾಶಿ ಎಂಬುದನ್ನು ನಿರ್ಧರಿಸುವಲ್ಲಿ ಇರುತ್ತದೆ. ಘರ್ಷಣೆಯು ಸದಾ ಒಂದೇ ಬೆಲೆಯುಳ್ಳ, ಸದಾ ಹಿಮ್ಮುಖವಾಗಿರುವ ಬಲವೆಂದು ಭಾವಿಸುವುದು ಈ ತಪ್ಪಿನ ಮುಖ್ಯ ಕಾರಣ.

## ಲೆಕ್ಕದ ಕ್ರಮ

ಎರಡನೆಯ ನಿಯಮದಲ್ಲಿ ಬರುವ `F` ಎಂಬುದು ವಸ್ತುವಿನ ಮೇಲೆ ಹೊರಗಿನಿಂದ ವರ್ತಿಸುವ ಎಲ್ಲ ಬಲಗಳನ್ನೂ ದಿಕ್ಕಿನೊಡನೆ ಕೂಡಿಸಿದಾಗ ಉಳಿಯುವ ನಿವ್ವಳ ಬಲ. ಪ್ರಶ್ನೆಯಲ್ಲಿ ಮೊದಲು ಕಣ್ಣಿಗೆ ಬೀಳುವ ಬಲವು ಅದಲ್ಲ. ಆದ್ದರಿಂದ ಸೂತ್ರವನ್ನು ಬರೆಯುವ ಮೊದಲು ಮೂರು ವಿಷಯಗಳನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಮೊದಲನೆಯದಾಗಿ, ಲೆಕ್ಕವು ಯಾವ ವಸ್ತುವನ್ನು ಕುರಿತದ್ದು ಎಂದು ಆರಿಸಬೇಕು. ಎರಡನೆಯದಾಗಿ, ಆ ವಸ್ತುವನ್ನು ಮುಟ್ಟಿಕೊಂಡಿರುವ ಪ್ರತಿಯೊಂದೂ ಅದರ ಮೇಲೆ ಯಾವ ಬಲವನ್ನು ಹಾಕುತ್ತದೆ ಎಂದು ಪಟ್ಟಿಮಾಡಿ, ಭೂಮಿಯ ಗುರುತ್ವವನ್ನೂ ಸೇರಿಸಬೇಕು. ಮೂರನೆಯದಾಗಿ, ಒಂದು ದಿಕ್ಕನ್ನು ಧನವೆಂದು ಇಟ್ಟುಕೊಂಡು ಲೆಕ್ಕದ ಕೊನೆಯವರೆಗೂ ಅದನ್ನೇ ಪಾಲಿಸಬೇಕು.

ಮಟ್ಟಸವಾದ ನೆಲದ ಮೇಲೆ ಗುರುತ್ವವು ವಸ್ತುವನ್ನು ಕೆಳಕ್ಕೆ ಎಳೆಯುತ್ತದೆ. ನೆಲವು ಅದನ್ನು ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತದೆ. ನೆಲದ ಈ ಒತ್ತುವಿಕೆಯನ್ನು ಲಂಬ ಪ್ರತಿಕ್ರಿಯೆ ಎನ್ನುತ್ತಾರೆ. ಮೇಲಕ್ಕೂ ಕೆಳಕ್ಕೂ ವರ್ತಿಸುವ ಇವೆರಡು ಒಂದನ್ನೊಂದು ಸರಿದೂಗಿಸುವುದರಿಂದ ಮುಂದಿನ ಚಲನೆಯ ಲೆಕ್ಕದಲ್ಲಿ ಅವು ನೇರವಾಗಿ ಕಾಣಿಸಿಕೊಳ್ಳುವುದಿಲ್ಲ. ಆದರೆ ಘರ್ಷಣೆಯ ಪ್ರಮಾಣವು ಲಂಬ ಪ್ರತಿಕ್ರಿಯೆಯನ್ನು ಅವಲಂಬಿಸಿರುವುದರಿಂದ ಅವನ್ನು ಮರೆಯುವಂತೆಯೂ ಇಲ್ಲ.

## ಒಂದೇ ಪೆಟ್ಟಿಗೆ, ನಾಲ್ಕು ಸ್ಥಿತಿಗಳು

ಘರ್ಷಣೆಯ ವರ್ತನೆಯನ್ನು ತಿಳಿಯಲು ಒಂದೇ ವಸ್ತುವನ್ನು ಬೇರೆ ಬೇರೆ ಸ್ಥಿತಿಗಳಲ್ಲಿ ಪರಿಶೀಲಿಸುವುದು ಅನುಕೂಲ. 50 ಕಿಲೋಗ್ರಾಂ ದ್ರವ್ಯರಾಶಿಯ ಒಂದು ಮರದ ಪೆಟ್ಟಿಗೆಯು ಮಟ್ಟಸವಾದ ಗಾರೆ ನೆಲದ ಮೇಲಿದೆ ಎಂದು ಭಾವಿಸೋಣ. ಅದನ್ನು ನಿಂತಲ್ಲಿಂದ ಕದಲಿಸಲು 180 ನ್ಯೂಟನ್‌ಗಿಂತ ಹೆಚ್ಚಿನ ಬಲ ಬೇಕು. ಒಮ್ಮೆ ಜಾರತೊಡಗಿದ ಮೇಲೆ ಅದರ ಮೇಲಿನ ಘರ್ಷಣೆಯು 150 ನ್ಯೂಟನ್. ತಳ್ಳುವ ದಿಕ್ಕನ್ನು ಧನವೆಂದು ಇಟ್ಟುಕೊಳ್ಳಲಾಗಿದೆ.

### ಪೆಟ್ಟಿಗೆ ಅಲುಗದಿದ್ದಾಗ

ಪೆಟ್ಟಿಗೆಯನ್ನು 100 ನ್ಯೂಟನ್ ಬಲದಿಂದ ತಳ್ಳಿದಾಗ ಅದು ಕದಲುವುದಿಲ್ಲ. ಆಗ ಘರ್ಷಣೆ ಎಷ್ಟು ಎಂಬ ಪ್ರಶ್ನೆಗೆ 180 ಅಥವಾ 150 ಎಂದು ಉತ್ತರಿಸುವುದು ಸಾಮಾನ್ಯ. ಎರಡೂ ತಪ್ಪು. ಘರ್ಷಣೆಯು 180 ನ್ಯೂಟನ್ ಇದ್ದಿದ್ದರೆ ನಿವ್ವಳ ಬಲವು ಹಿಂದಕ್ಕೆ 80 ನ್ಯೂಟನ್ ಆಗಿ, ಪೆಟ್ಟಿಗೆಯು ತಳ್ಳುವವನ ಮೇಲೆಯೇ ಬರಬೇಕಾಗುತ್ತಿತ್ತು. ಪೆಟ್ಟಿಗೆ ನಿಂತೇ ಇದೆ. ಅದರ ವೇಗೋತ್ಕರ್ಷ ಸೊನ್ನೆ. ಆದ್ದರಿಂದ ನಿವ್ವಳ ಬಲವೂ ಸೊನ್ನೆ. ಹಾಗಾಗಿ ಘರ್ಷಣೆಯು ಹಿಂದಕ್ಕೆ ಸರಿಯಾಗಿ 100 ನ್ಯೂಟನ್.

ತಳ್ಳುವ ಬಲವನ್ನು 40 ನ್ಯೂಟನ್‌ಗೆ ಇಳಿಸಿದರೆ ಘರ್ಷಣೆಯೂ 40ಕ್ಕೆ ಇಳಿಯುತ್ತದೆ. ತಳ್ಳುವುದನ್ನು ಬಿಟ್ಟರೆ ಅದು ಇಲ್ಲವಾಗುತ್ತದೆ. ನಿಂತ ವಸ್ತುವಿನ ಮೇಲಿನ ಈ ಘರ್ಷಣೆಗೆ ಸ್ಥಾಯಿ ಘರ್ಷಣೆ ಎಂದು ಹೆಸರು. ಅದಕ್ಕೆ ಒಂದು ಗರಿಷ್ಠ ಮಿತಿ ಮಾತ್ರ ಇದೆ, ನಿಗದಿಯಾದ ಬೆಲೆ ಇಲ್ಲ. ಇಲ್ಲಿ ಆ ಮಿತಿ 180 ನ್ಯೂಟನ್. ಮಿತಿಯ ಒಳಗೆ ಅದು ಎಷ್ಟು ಬೇಕೋ ಅಷ್ಟೇ ಇರುತ್ತದೆ.

### ಏಕರೂಪ ವೇಗದಲ್ಲಿ ಸಾಗುವಾಗ

ಪೆಟ್ಟಿಗೆಯು ಜಾರುತ್ತಿರುವಾಗ ಅದನ್ನು 150 ನ್ಯೂಟನ್ ಬಲದಿಂದ ತಳ್ಳುತ್ತಿದ್ದರೆ ಅದು ವೇಗ ಬದಲಿಸದೆ ಸಾಗುತ್ತದೆ. ಮುಂದಕ್ಕೆ 150, ಹಿಂದಕ್ಕೆ 150; ನಿವ್ವಳ ಬಲ ಸೊನ್ನೆ. ವಸ್ತುವು ಚಲಿಸುತ್ತಿದೆ ಎಂದಾದರೆ ಮುಂದಕ್ಕಿರುವ ಬಲವು ಘರ್ಷಣೆಗಿಂತ ಸ್ವಲ್ಪವಾದರೂ ಹೆಚ್ಚಿರಬೇಕೆಂಬ ಭಾವನೆ ಬಲವಾದದ್ದು. ಮೊದಲನೆಯ ನಿಯಮವು ನಿರಾಕರಿಸುವುದು ಇದನ್ನೇ. ಮುಂದಕ್ಕಿರುವ ಬಲವು ಹೆಚ್ಚಾಗಿದ್ದರೆ ವೇಗವು ಹೆಚ್ಚುತ್ತ ಹೋಗಬೇಕು. ಇರುವ ವೇಗವು ಇದ್ದಂತೆಯೇ ಉಳಿಯಲು ಹೆಚ್ಚುವರಿ ಬಲ ಬೇಕಿಲ್ಲ.

ಆದ್ದರಿಂದ ಪ್ರಶ್ನೆಯಲ್ಲಿ ‘ಏಕರೂಪ ವೇಗ’, ‘ಸ್ಥಿರ ವೇಗ’ ಎಂಬ ಪದಗಳು ಕಂಡಾಗ ಅವನ್ನು ನಿವ್ವಳ ಬಲ ಸೊನ್ನೆ ಎಂಬ ಮಾಹಿತಿಯೆಂದೇ ಓದಬೇಕು. ಒಂದು ವಸ್ತುವನ್ನು ಸ್ಥಿರ ವೇಗದಲ್ಲಿ ಸರಿಸಲು ಇಂತಿಷ್ಟು ಬಲ ಬೇಕು, ಘರ್ಷಣೆ ಎಷ್ಟು ಎಂದು ಕೇಳುವ ಪ್ರಶ್ನೆಯಲ್ಲಿ ದ್ರವ್ಯರಾಶಿಯನ್ನು ಕೊಟ್ಟಿರುವುದಿಲ್ಲ. ಅದನ್ನು ಕೊಟ್ಟಿಲ್ಲವೆಂದು ವಿದ್ಯಾರ್ಥಿಯು ತಡಕಾಡುವುದುಂಟು. ವೇಗೋತ್ಕರ್ಷವೇ ಸೊನ್ನೆಯಾಗಿರುವಾಗ ದ್ರವ್ಯರಾಶಿಯ ಅಗತ್ಯವೇ ಬೀಳುವುದಿಲ್ಲ.

### ವೇಗ ಹೆಚ್ಚುತ್ತಿರುವಾಗ

ಅದೇ ಪೆಟ್ಟಿಗೆಯನ್ನು ನಿಂತಲ್ಲಿಂದ 200 ನ್ಯೂಟನ್ ಬಲದಿಂದ ತಳ್ಳಿದರೆ, ಆ ಬಲವು 180ರ ಮಿತಿಯನ್ನು ಮೀರಿರುವುದರಿಂದ ಪೆಟ್ಟಿಗೆ ಕದಲುತ್ತದೆ. ಜಾರತೊಡಗಿದೊಡನೆ ಘರ್ಷಣೆ 150ಕ್ಕೆ ಇಳಿಯುತ್ತದೆ.

```
ನಿವ್ವಳ ಬಲ = 200 − 150 = 50 ನ್ಯೂಟನ್
ವೇಗೋತ್ಕರ್ಷ a = 50 ÷ 50 = 1 ಮೀ/ಸೆ²
```

ಇಲ್ಲಿ 200ನ್ನು ನೇರವಾಗಿ 50ರಿಂದ ಭಾಗಿಸಿ 4 ಮೀ/ಸೆ² ಎಂದು ಬರೆಯುವುದು ಪರಿಚಿತ ತಪ್ಪು. ಹೀಗೆ ತಳ್ಳುವುದು 3 ಸೆಕೆಂಡು ನಡೆದರೆ ಪೆಟ್ಟಿಗೆಯ ವೇಗವು 3 ಮೀ/ಸೆ ಆಗುತ್ತದೆ. ಅಷ್ಟರಲ್ಲಿ ಅದು ಸಾಗಿದ ದೂರ ½ × 1 × 3², ಅಂದರೆ 4.5 ಮೀಟರ್.

### ಕೈಬಿಟ್ಟ ಮೇಲೆ

ಮೂರನೆಯ ಸೆಕೆಂಡಿನ ಕೊನೆಯಲ್ಲಿ ತಳ್ಳುವುದನ್ನು ನಿಲ್ಲಿಸಿದರೆ ಪೆಟ್ಟಿಗೆಯು ತಟ್ಟನೆ ನಿಲ್ಲುವುದಿಲ್ಲ; ಜಡತ್ವದಿಂದ ಮುಂದೆ ಜಾರುತ್ತದೆ. ಈಗ ನೆಲಕ್ಕೆ ಸಮಾಂತರವಾಗಿ ಅದರ ಮೇಲಿರುವುದು ಘರ್ಷಣೆಯೊಂದೇ. ಕೈಯ ಬಲವು ಪೆಟ್ಟಿಗೆಯೊಳಗೆ ಉಳಿದುಕೊಂಡು ಅದನ್ನು ಮುಂದೆ ಒಯ್ಯುತ್ತಿದೆ ಎಂದು ತಿಳಿದು ಪಟ್ಟಿಯಲ್ಲಿ 200 ನ್ಯೂಟನ್ ಅನ್ನು ಉಳಿಸಿಕೊಳ್ಳುವುದು ಸರಿಯಲ್ಲ. ಕೈಯ ಸಂಪರ್ಕ ತಪ್ಪಿದೊಡನೆ ಆ ಬಲವೂ ಇಲ್ಲವಾಗುತ್ತದೆ. ಉಳಿಯುವುದು ವೇಗ, ಬಲವಲ್ಲ.

```
ನಿವ್ವಳ ಬಲ = −150 ನ್ಯೂಟನ್
a = −150 ÷ 50 = −3 ಮೀ/ಸೆ²
v² = u² + 2as
0 = 3² + 2 × (−3) × s
s = 1.5 ಮೀಟರ್
```

ನಿಲ್ಲಲು ಬೇಕಾದ ಕಾಲ 1 ಸೆಕೆಂಡು. ಪರೀಕ್ಷೆಗಳಲ್ಲಿ ಈ ಭಾಗವೇ ತಿರುಗುಮುರುಗಾಗಿ ಬರುತ್ತದೆ: ಆರಂಭದ ವೇಗ, ನಿಲ್ಲುವವರೆಗೆ ಸಾಗಿದ ದೂರ ಮತ್ತು ದ್ರವ್ಯರಾಶಿಯನ್ನು ಕೊಟ್ಟು ಘರ್ಷಣೆಯನ್ನು ಕೇಳುತ್ತಾರೆ. ಆಗ ಮೊದಲು ವೇಗೋತ್ಕರ್ಷವನ್ನೂ ಅನಂತರ ಬಲವನ್ನೂ ಕಂಡುಹಿಡಿಯಬೇಕು. ಉತ್ತರದಲ್ಲಿ ಬರುವ ಋಣ ಚಿಹ್ನೆಯು ಬಲವು ಚಲನೆಗೆ ವಿರುದ್ಧ ದಿಕ್ಕಿನಲ್ಲಿದೆ ಎಂಬುದನ್ನು ಹೇಳುತ್ತದೆ. ‘ಘರ್ಷಣೆಯು 150 ನ್ಯೂಟನ್, ಚಲನೆಯ ವಿರುದ್ಧ ದಿಕ್ಕಿನಲ್ಲಿ’ ಎಂದೂ ‘−150 ನ್ಯೂಟನ್’ ಎಂದೂ ಬರೆಯಬಹುದು. ‘ವಿರುದ್ಧ ದಿಕ್ಕಿನಲ್ಲಿ −150’ ಎಂದು ಬರೆದರೆ ದಿಕ್ಕನ್ನು ಎರಡು ಬಾರಿ ತಿರುಗಿಸಿದಂತಾಗುತ್ತದೆ.

### ಸಮೀಕರಣವು ಮೋಸಗೊಳಿಸುವ ಸ್ಥಳ

ಕೈಬಿಟ್ಟ 2 ಸೆಕೆಂಡುಗಳ ಬಳಿಕ ಪೆಟ್ಟಿಗೆಯು ಎಲ್ಲಿರುತ್ತದೆ ಎಂದು ಕೇಳಿದರೆ, `s = ut + ½at²` ಸಮೀಕರಣದಲ್ಲಿ ಬೆಲೆಗಳನ್ನು ಹಾಕಿದಾಗ 6 − 6 = 0 ಎಂದು ಬರುತ್ತದೆ. ಅಂದರೆ ಪೆಟ್ಟಿಗೆಯು ಕೈಬಿಟ್ಟ ಜಾಗಕ್ಕೇ ಹಿಂದಿರುಗಿ ಬಂದಿದೆ! ಗಣಿತದಲ್ಲಿ ತಪ್ಪಿಲ್ಲ, ಆದರೆ ಯಾವ ಪೆಟ್ಟಿಗೆಯೂ ಹೀಗೆ ತಾನಾಗಿ ಹಿಂದಕ್ಕೆ ಜಾರುವುದಿಲ್ಲ.

ಜಾರು ಘರ್ಷಣೆಯು ಚಲನೆ ಇರುವವರೆಗೆ ಮಾತ್ರ 150 ನ್ಯೂಟನ್. ಮೊದಲ ಸೆಕೆಂಡಿನ ಕೊನೆಯಲ್ಲಿ ಪೆಟ್ಟಿಗೆ ನಿಂತ ಗಳಿಗೆಯಲ್ಲೇ, ಅದನ್ನು ತಳ್ಳುವವರು ಯಾರೂ ಇಲ್ಲದ ಕಾರಣ, ಘರ್ಷಣೆ ಸೊನ್ನೆಗೆ ಇಳಿಯುತ್ತದೆ. ಅಲ್ಲಿಂದಾಚೆಗೆ ವೇಗೋತ್ಕರ್ಷವು −3 ಅಲ್ಲ, ಸೊನ್ನೆ. ಚಲನೆಯ ಸಮೀಕರಣಗಳು ವೇಗೋತ್ಕರ್ಷವು ಬದಲಾಗದಿರುವ ಅವಧಿಗೆ ಮಾತ್ರ ಅನ್ವಯಿಸುವುದರಿಂದ ಎರಡನೆಯ ಸೆಕೆಂಡಿಗೆ ಅವು ಸಲ್ಲುವುದಿಲ್ಲ. ಸರಿಯಾದ ಉತ್ತರ: ಕೈಬಿಟ್ಟ ಜಾಗದಿಂದ 1.5 ಮೀಟರ್ ಮುಂದೆ ಪೆಟ್ಟಿಗೆ ನಿಂತಿರುತ್ತದೆ. ಕಾಲವನ್ನು ಕೊಟ್ಟು ದೂರವನ್ನು ಕೇಳುವ ಇಂತಹ ಪ್ರಶ್ನೆಗಳಲ್ಲಿ ವಸ್ತುವು ನಿಲ್ಲುವ ಕಾಲವನ್ನು ಮೊದಲು ಲೆಕ್ಕಹಾಕಿ ಹೋಲಿಸಿ ನೋಡಬೇಕು.

### ತಾಳೆ

ಕೆಲಸ ಮತ್ತು ಶಕ್ತಿಯ ಪಾಠವನ್ನು ಕಲಿತ ಮೇಲೆ ಇದೇ ಲೆಕ್ಕವನ್ನು ಇನ್ನೊಂದು ದಾರಿಯಿಂದ ತಾಳೆ ನೋಡಬಹುದು. 200 ನ್ಯೂಟನ್ ಬಲವು 4.5 ಮೀಟರ್ ದೂರ ವರ್ತಿಸಿ ಮಾಡಿದ ಕೆಲಸ 900 ಜೂಲ್. ಪೆಟ್ಟಿಗೆಯು ಒಟ್ಟು ಸಾಗಿದ 4.5 + 1.5 = 6 ಮೀಟರ್ ದೂರದಲ್ಲಿ 150 ನ್ಯೂಟನ್ ಘರ್ಷಣೆಯ ವಿರುದ್ಧ ವ್ಯಯವಾದದ್ದೂ 900 ಜೂಲ್. ಪೆಟ್ಟಿಗೆಯು ನಿಂತಲ್ಲಿಂದ ಹೊರಟು ಮತ್ತೆ ನಿಂತಿರುವುದರಿಂದ ಇವೆರಡು ಸಮನಾಗಲೇಬೇಕು. ಸಮನಾಗದಿದ್ದರೆ ಲೆಕ್ಕದಲ್ಲಿ ಎಲ್ಲೋ ಒಂದು ಬಲ ಬಿಟ್ಟುಹೋಗಿದೆ ಅಥವಾ ಹೆಚ್ಚಾಗಿ ಸೇರಿದೆ.

## ಹೊರೆ ಹೆಚ್ಚಿದಾಗ

ಪೆಟ್ಟಿಗೆಯ ಮೇಲೆ 25 ಕಿಲೋಗ್ರಾಂ ಸಾಮಾನನ್ನು ಹೇರಿ ಮತ್ತೆ 200 ನ್ಯೂಟನ್ ಬಲದಿಂದ ತಳ್ಳಿದರೆ ಏನಾಗುತ್ತದೆ? ದ್ರವ್ಯರಾಶಿಯನ್ನು ಮಾತ್ರ ಬದಲಿಸಿ, ಘರ್ಷಣೆಯನ್ನು 150ರಲ್ಲೇ ಬಿಟ್ಟರೆ, 50 ÷ 75, ಅಂದರೆ ಸುಮಾರು 0.67 ಮೀ/ಸೆ² ಎಂಬ ಉತ್ತರ ಬರುತ್ತದೆ. ವಾಸ್ತವದಲ್ಲಿ ಪೆಟ್ಟಿಗೆಯು ಕದಲುವುದೇ ಇಲ್ಲ.

ಒಣ ಮೇಲ್ಮೈಗಳ ನಡುವಿನ ಘರ್ಷಣೆಯು ಲಂಬ ಪ್ರತಿಕ್ರಿಯೆಗೆ ಹೆಚ್ಚುಕಡಿಮೆ ಅನುಪಾತದಲ್ಲಿರುತ್ತದೆ. ಗುರುತ್ವ ವೇಗೋತ್ಕರ್ಷವನ್ನು 10 ಮೀ/ಸೆ² ಎಂದು ಹಿಡಿದರೆ ಬರಿಯ ಪೆಟ್ಟಿಗೆಯ ಮೇಲಿನ ಲಂಬ ಪ್ರತಿಕ್ರಿಯೆ 500 ನ್ಯೂಟನ್. ಹೊರೆ ಹೇರಿದ ಮೇಲೆ 750 ನ್ಯೂಟನ್. ಅದು ಒಂದೂವರೆ ಪಟ್ಟಾದಾಗ ಘರ್ಷಣೆಯ ಬೆಲೆಗಳೂ ಒಂದೂವರೆ ಪಟ್ಟಾಗುತ್ತವೆ: ಜಾರು ಘರ್ಷಣೆ 225 ನ್ಯೂಟನ್, ಸ್ಥಾಯಿ ಘರ್ಷಣೆಯ ಮಿತಿ 270 ನ್ಯೂಟನ್. 200 ನ್ಯೂಟನ್ ಬಲವು ಈ ಮಿತಿಯ ಒಳಗೇ ಉಳಿಯುತ್ತದೆ. ಘರ್ಷಣೆ ಮತ್ತು ಲಂಬ ಪ್ರತಿಕ್ರಿಯೆಗಳ ಅನುಪಾತವನ್ನು ಘರ್ಷಣಾಂಕ ಎನ್ನುತ್ತಾರೆ; ಈ ಪೆಟ್ಟಿಗೆಗೆ ಜಾರುವಾಗ ಅದು 0.3. ಘರ್ಷಣಾಂಕವನ್ನು ಬಳಸುವ ಲೆಕ್ಕಗಳು ಮೇಲಿನ ತರಗತಿಗಳಿಗೆ ಸೇರಿದ್ದು, ಒಂಬತ್ತನೆಯ ತರಗತಿಯ ಪ್ರಶ್ನೆಗಳು ಸಾಮಾನ್ಯವಾಗಿ ಘರ್ಷಣೆಯ ಬೆಲೆಯನ್ನೇ ನೇರವಾಗಿ ಕೊಡುತ್ತವೆ. ಆ ಬೆಲೆಯು ಪ್ರಶ್ನೆಯಲ್ಲಿ ಹೇಳಿದ ಹೊರೆಗೆ ಮಾತ್ರ ಸಲ್ಲುತ್ತದೆ.

## ಎಂಜಿನ್ ಮತ್ತು ಬೋಗಿಗಳ ಲೆಕ್ಕ

ಈ ಗುಂಪಿನಲ್ಲಿ ಅತಿ ಹೆಚ್ಚು ಗೊಂದಲಕ್ಕೆ ಎಡೆಮಾಡುವುದು ರೈಲಿನ ಪ್ರಶ್ನೆ. ಅದರ ಒಂದು ಮಾದರಿ ಹೀಗಿದೆ: 6000 ಕಿಲೋಗ್ರಾಂ ದ್ರವ್ಯರಾಶಿಯ ಎಂಜಿನ್ ತಲಾ 1500 ಕಿಲೋಗ್ರಾಂನ 4 ಬೋಗಿಗಳನ್ನು ಮಟ್ಟಸವಾದ ಹಳಿಯ ಮೇಲೆ ಎಳೆಯುತ್ತದೆ. ಎಂಜಿನ್ ಪ್ರಯೋಗಿಸುವ ಬಲ 15000 ನ್ಯೂಟನ್. ಹಳಿಯ ಒಟ್ಟು ಘರ್ಷಣೆ 3000 ನ್ಯೂಟನ್. ರೈಲಿನ ವೇಗೋತ್ಕರ್ಷ ಎಷ್ಟು? ಮೊದಲನೆಯ ಬೋಗಿಯು ಎರಡನೆಯದರ ಮೇಲೆ ಹಾಕುವ ಬಲ ಎಷ್ಟು?

### ವೇಗೋತ್ಕರ್ಷ

ನಿವ್ವಳ ಬಲ 15000 − 3000 = 12000 ನ್ಯೂಟನ್ ಎಂಬಲ್ಲಿಯವರೆಗೆ ತೊಂದರೆ ಇಲ್ಲ. ಇದನ್ನು ಯಾವ ದ್ರವ್ಯರಾಶಿಯಿಂದ ಭಾಗಿಸಬೇಕು ಎಂಬಲ್ಲಿ ದಾರಿ ಎರಡಾಗುತ್ತದೆ. ಎಂಜಿನ್ ಎಳೆಯುವುದು ಬೋಗಿಗಳನ್ನಲ್ಲವೇ ಎಂದು ಬೋಗಿಗಳ 6000 ಕಿಲೋಗ್ರಾಂನಿಂದ ಮಾತ್ರ ಭಾಗಿಸಿದರೆ 2 ಮೀ/ಸೆ² ಬರುತ್ತದೆ. ಎಂಜಿನ್ನನ್ನೂ ಸೇರಿಸಿ 12000 ಕಿಲೋಗ್ರಾಂನಿಂದ ಭಾಗಿಸಿದರೆ 1 ಮೀ/ಸೆ² ಬರುತ್ತದೆ.

ಎರಡರಲ್ಲಿ ಯಾವುದು ಸರಿ ಎಂಬುದನ್ನು ಎಂಜಿನ್ನೊಂದರ ಮೇಲೆಯೇ ಎರಡನೆಯ ನಿಯಮವನ್ನು ಪ್ರಯೋಗಿಸಿ ಪರೀಕ್ಷಿಸಬಹುದು. ಪರೀಕ್ಷೆಗಾಗಿ ಘರ್ಷಣೆಯೆಲ್ಲವೂ ಎಂಜಿನ್ನಿನ ಮೇಲೆಯೇ ಇದೆ ಎಂದು ಇಟ್ಟುಕೊಳ್ಳೋಣ. ವೇಗೋತ್ಕರ್ಷವು 2 ಮೀ/ಸೆ² ಆಗಿದ್ದರೆ ಬೋಗಿಗಳನ್ನು ಎಳೆಯುವ ಕೊಂಡಿಯ ಬಲವು 6000 × 2 = 12000 ನ್ಯೂಟನ್ ಆಗಬೇಕು. ಮೂರನೆಯ ನಿಯಮದಂತೆ ಅಷ್ಟೇ ಬಲವು ಎಂಜಿನ್ನನ್ನು ಹಿಂದಕ್ಕೆ ಎಳೆಯುತ್ತದೆ. ಆಗ ಎಂಜಿನ್ನಿನ ಮೇಲಿನ ನಿವ್ವಳ ಬಲ 15000 − 3000 − 12000 = 0. ಅಂದರೆ ಬೋಗಿಗಳ ವೇಗವು ಹೆಚ್ಚುತ್ತಿರುವಾಗ ಎಂಜಿನ್ನಿನ ವೇಗವು ಹೆಚ್ಚುತ್ತಿಲ್ಲ. ಬೋಗಿಗಳು ಎಂಜಿನ್ನಿಗೆ ಬಂದು ಗುದ್ದಬೇಕು. ಇದು ಅಸಂಗತ. ವೇಗೋತ್ಕರ್ಷವು 1 ಮೀ/ಸೆ² ಆಗಿದ್ದರೆ ಕೊಂಡಿಯ ಬಲ 6000 ನ್ಯೂಟನ್; ಎಂಜಿನ್ನಿನ ಮೇಲಿನ ನಿವ್ವಳ ಬಲ 15000 − 3000 − 6000 = 6000 ನ್ಯೂಟನ್; ಎಂಜಿನ್ನಿನ ವೇಗೋತ್ಕರ್ಷವೂ 6000 ÷ 6000 = 1 ಮೀ/ಸೆ². ಎರಡೂ ಹೊಂದುತ್ತವೆ. ಎಂಜಿನ್ ತನ್ನನ್ನೂ ಮುಂದಕ್ಕೆ ಒಯ್ಯಬೇಕಾಗಿರುವುದರಿಂದ ಅದರ ದ್ರವ್ಯರಾಶಿಯನ್ನು ಬಿಡುವಂತಿಲ್ಲ.

### ಎರಡು ಬೋಗಿಗಳ ನಡುವಿನ ಬಲ

ಮೊದಲನೆಯ ಬೋಗಿಯು ಎರಡನೆಯದನ್ನು ಎಳೆಯುವ ಬಲವನ್ನು ಕಾಣಲು ಲೆಕ್ಕದ ವಸ್ತುವನ್ನು ಬದಲಿಸಬೇಕು. ಈಗ ವಸ್ತುವೆಂದರೆ ಆ ಕೊಂಡಿಯ ಹಿಂದಿರುವ 3 ಬೋಗಿಗಳು. ಅವುಗಳ ದ್ರವ್ಯರಾಶಿ 4500 ಕಿಲೋಗ್ರಾಂ. ಅವು 1 ಮೀ/ಸೆ² ವೇಗೋತ್ಕರ್ಷದಿಂದ ಸಾಗಬೇಕಾದರೆ ಅವುಗಳ ಮೇಲಿನ ನಿವ್ವಳ ಬಲ 4500 ನ್ಯೂಟನ್ ಇರಬೇಕು.

ಇದನ್ನೇ ಉತ್ತರವೆಂದು ಬರೆದು ಮುಗಿಸುವುದು ವಾಡಿಕೆ. ಆದರೆ 4500 ಎಂಬುದು ನಿವ್ವಳ ಬಲ, ಕೊಂಡಿಯ ಬಲವಲ್ಲ. ಈ 3 ಬೋಗಿಗಳ ಮೇಲೂ ಹಳಿಯ ಘರ್ಷಣೆ ಇದ್ದರೆ ಕೊಂಡಿಯು ಅದನ್ನೂ ಮೀರಿ ಎಳೆಯಬೇಕು. ಒಟ್ಟು 3000 ನ್ಯೂಟನ್‌ನಲ್ಲಿ ಇವುಗಳ ಪಾಲು ಎಷ್ಟೆಂಬುದನ್ನು ಪ್ರಶ್ನೆಯು ಹೇಳಿಲ್ಲ. ಪಾಲನ್ನು ಊಹಿಸಿದಂತೆ ಉತ್ತರವೂ ಬದಲಾಗುತ್ತದೆ.

ಘರ್ಷಣೆಯೆಲ್ಲವೂ ಎಂಜಿನ್ನಿನ ಮೇಲೆಯೇ ಇದೆ ಎಂದುಕೊಂಡರೆ ಕೊಂಡಿಯ ಬಲ 4500 ನ್ಯೂಟನ್. ಘರ್ಷಣೆಯು ದ್ರವ್ಯರಾಶಿಗೆ ತಕ್ಕಂತೆ ಇಡೀ ರೈಲಿನ ಮೇಲೆ ಹಂಚಿಕೊಂಡಿದೆ ಎಂದರೆ ಪ್ರತಿ ಕಿಲೋಗ್ರಾಂಗೆ 0.25 ನ್ಯೂಟನ್‌ನಂತೆ 3 ಬೋಗಿಗಳ ಪಾಲು 1125. ಕೊಂಡಿಯ ಬಲ 5625 ನ್ಯೂಟನ್. ಘರ್ಷಣೆಯು ಬೋಗಿಗಳ ಮೇಲೆ ಮಾತ್ರ ಸಮನಾಗಿದೆ ಎಂದರೆ ತಲಾ 750ರಂತೆ 3 ಬೋಗಿಗಳ ಪಾಲು 2250. ಕೊಂಡಿಯ ಬಲ 6750 ನ್ಯೂಟನ್. ಮೂರೂ ಊಹೆಗಳಲ್ಲಿ ರೈಲಿನ ವೇಗೋತ್ಕರ್ಷ ಅದೇ 1 ಮೀ/ಸೆ². ಏಕೆಂದರೆ ಇಡೀ ರೈಲನ್ನು ಒಂದು ವಸ್ತುವೆಂದು ತೆಗೆದುಕೊಂಡಾಗ ಘರ್ಷಣೆಯ ಮೊತ್ತ ಮಾತ್ರ ಲೆಕ್ಕಕ್ಕೆ ಬರುತ್ತದೆ. ರೈಲನ್ನು ಕತ್ತರಿಸಿ ಒಂದು ಭಾಗವನ್ನು ಮಾತ್ರ ನೋಡುವಾಗ ಹಂಚಿಕೆಯೂ ಬೇಕಾಗುತ್ತದೆ.

ಒಂದೇ ಪ್ರಶ್ನೆಗೆ ಬೇರೆ ಬೇರೆ ಮಾರ್ಗದರ್ಶಿಗಳಲ್ಲಿ ಬೇರೆ ಬೇರೆ ಉತ್ತರಗಳು ಕಂಡುಬಂದಾಗ ಅದಕ್ಕೆ ಇದು ಒಂದು ಕಾರಣವಾಗಿರಬಹುದು. ಇಂತಹ ಕಡೆ ‘ಬೋಗಿಗಳ ಮೇಲಿನ ಘರ್ಷಣೆಯನ್ನು ಉಪೇಕ್ಷಿಸಿದರೆ’ ಅಥವಾ ‘ಘರ್ಷಣೆಯು ದ್ರವ್ಯರಾಶಿಗೆ ಅನುಪಾತದಲ್ಲಿ ಹಂಚಿದೆ ಎಂದು ಭಾವಿಸಿದರೆ’ ಎಂಬ ಒಂದು ಸಾಲನ್ನು ಉತ್ತರದ ಮೊದಲಿಗೆ ಬರೆಯುವುದು ಸರಿಯಾದ ಕ್ರಮ. ಆ ಸಾಲಿದ್ದರೆ ಅನಂತರದ ಸಂಖ್ಯೆಯ ಸರಿತಪ್ಪನ್ನು ನಿರ್ಣಯಿಸಬಹುದು. ಇಲ್ಲದಿದ್ದರೆ 4500, 5625, 6750 ಇವುಗಳಲ್ಲಿ ಯಾವುದನ್ನೂ ತಪ್ಪೆನ್ನಲು ಆಧಾರವಿರುವುದಿಲ್ಲ.

## ರೈಲನ್ನು ಮುಂದಕ್ಕೆ ಒಯ್ಯುವ ಬಲ

ಇಡೀ ರೈಲನ್ನು ಒಂದೇ ವಸ್ತುವೆಂದು ಆರಿಸಿಕೊಂಡಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ನಿವ್ವಳ ಬಲಕ್ಕೆ ಹೊರಗಿನ ಬಲಗಳನ್ನು ಮಾತ್ರ ಸೇರಿಸಬೇಕು. ಆದರೆ ಎಂಜಿನ್ ರೈಲಿನದೇ ಒಂದು ಭಾಗ. ಹಾಗಾದರೆ 15000 ನ್ಯೂಟನ್ ಬಲವನ್ನು ಹಾಕುವವರು ಯಾರು?

ಹಾಕುವುದು ಹಳಿ. ಮೋಟಾರು ಎಂಜಿನ್ನಿನ ಚಾಲಕ ಚಕ್ರಗಳನ್ನು ತಿರುಗಿಸಿದಾಗ ಚಕ್ರವು ಹಳಿಯನ್ನು ಮುಟ್ಟುವ ಜಾಗದಲ್ಲಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಮೂರನೆಯ ನಿಯಮದಂತೆ ಹಳಿಯು ಚಕ್ರವನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಚಕ್ರವು ಜಾರದೆ ಉರುಳುತ್ತಿರುವಾಗ ಈ ಬಲವು ಸ್ಥಾಯಿ ಘರ್ಷಣೆಯೇ. ಆದ್ದರಿಂದ ಒಂದೇ ಲೆಕ್ಕದಲ್ಲಿ ಘರ್ಷಣೆಯು ಎರಡು ಪಾತ್ರಗಳನ್ನು ವಹಿಸುತ್ತದೆ. ‘ಎಂಜಿನ್ನಿನ ಬಲ’ ಎಂದು ಪ್ರಶ್ನೆಯು ಕರೆಯುವ 15000 ನ್ಯೂಟನ್ ಮುಂದಕ್ಕಿರುವ ಘರ್ಷಣೆ. ‘ಹಳಿಯ ಘರ್ಷಣೆ’ ಎಂದು ಕರೆಯುವ 3000 ನ್ಯೂಟನ್ ಚಕ್ರಗಳ ಉರುಳು ಘರ್ಷಣೆ ಮೊದಲಾದ ತಡೆಗಳ ಮೊತ್ತ. ಘರ್ಷಣೆಯು ಚಲನೆಯನ್ನು ವಿರೋಧಿಸುತ್ತದೆ ಎಂಬ ಮಾತನ್ನು ‘ಒಂದಕ್ಕೊಂದು ತಾಗಿರುವ ಮೇಲ್ಮೈಗಳ ನಡುವಿನ ಜಾರುವಿಕೆಯನ್ನು ವಿರೋಧಿಸುತ್ತದೆ’ ಎಂದು ತಿದ್ದಿಕೊಂಡರೆ ಎರಡು ಪಾತ್ರಗಳೂ ಅದರೊಳಗೆ ಬರುತ್ತವೆ. ಮನುಷ್ಯ ನಡೆಯುವಾಗ ಪಾದವು ನೆಲವನ್ನು ಹಿಂದಕ್ಕೆ ಒತ್ತುವುದೂ, ನೆಲವು ಅವನನ್ನು ಮುಂದಕ್ಕೆ ತಳ್ಳುವುದೂ ಹೀಗೆಯೇ.

ಮುಂದಕ್ಕಿರುವ ಈ ಘರ್ಷಣೆಗೂ ಮಿತಿಯುಂಟು. ಒಣ ಹಳಿಯ ಮೇಲೆ ಉಕ್ಕಿನ ಚಕ್ರಗಳಿಗೆ ಸಿಗುವ ಹಿಡಿತವು ಎಂಜಿನ್ನಿನ ತೂಕದ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇರುತ್ತದೆ. ಮಾದರಿ ಪ್ರಶ್ನೆಯ ಎಂಜಿನ್ನಿನ ತೂಕ 60000 ನ್ಯೂಟನ್. ಅದರ ಕಾಲು ಭಾಗ 15000 ನ್ಯೂಟನ್. ಹೀಗಾಗಿ ಪ್ರಶ್ನೆಯಲ್ಲಿನ ಬಲವು ಸಾಧ್ಯವಾದದ್ದು. ಅದೇ ಎಂಜಿನ್ನಿಗೆ 30000 ನ್ಯೂಟನ್ ಬಲವನ್ನು ಕೊಟ್ಟು ಲೆಕ್ಕ ಕಟ್ಟಿದ್ದರೆ ಗಣಿತ ಸರಿಹೋದರೂ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗುತ್ತಿದ್ದವು. ಭಾರತೀಯ ರೈಲ್ವೆಯ ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ ಸುಮಾರು 123 ಟನ್ ಭಾರವಿದ್ದು, ಹೊರಡುವಾಗ ಅದು ಎಳೆಯಬಲ್ಲ ಬಲವೂ ಹೆಚ್ಚುಕಡಿಮೆ ಅದರ ತೂಕದ ಕಾಲು ಭಾಗದಷ್ಟೇ. ಹಳಿ ಒದ್ದೆಯಾದಾಗ ಹಿಡಿತ ಇನ್ನೂ ತಗ್ಗುವುದರಿಂದ ಚಕ್ರದ ಮುಂದೆ ಹಳಿಯ ಮೇಲೆ ಮರಳನ್ನು ಉದುರಿಸುವ ಏರ್ಪಾಡು ರೈಲು ಎಂಜಿನ್ನುಗಳಲ್ಲಿ ಇರುತ್ತದೆ.

ಕ್ರಿಯೆ ಮತ್ತು ಪ್ರತಿಕ್ರಿಯೆಗಳು ಸಮನಾಗಿ ಒಂದನ್ನೊಂದು ಅಳಿಸಿಹಾಕುವುದರಿಂದ ಯಾವ ವಸ್ತುವೂ ಚಲಿಸಬಾರದಲ್ಲವೇ ಎಂಬ ಪ್ರಶ್ನೆಗೂ ಉತ್ತರ ಇಲ್ಲಿದೆ. ಚಕ್ರವು ಹಳಿಯ ಮೇಲೆ ಹಾಕುವ ಬಲವು ಹಳಿಯ ಪಟ್ಟಿಗೆ ಸೇರಿದ್ದು. ಹಳಿಯು ಚಕ್ರದ ಮೇಲೆ ಹಾಕುವ ಬಲವು ರೈಲಿನ ಪಟ್ಟಿಗೆ ಸೇರಿದ್ದು. ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳನ್ನು ಒಂದೇ ಮೊತ್ತದಲ್ಲಿ ಕೂಡಿಸುವಂತಿಲ್ಲ. ಪೆಟ್ಟಿಗೆಯು ಕದಲದಿದ್ದಾಗ ಅದನ್ನು ಹಿಡಿದು ನಿಲ್ಲಿಸಿದ್ದು ಕ್ರಿಯೆ-ಪ್ರತಿಕ್ರಿಯೆಗಳ ಸಮಾನತೆಯಲ್ಲ. ಪೆಟ್ಟಿಗೆಯ ಮೇಲೆಯೇ ವರ್ತಿಸುತ್ತಿದ್ದ ಕೈಯ ಬಲ ಮತ್ತು ನೆಲದ ಘರ್ಷಣೆಗಳ ಸಮಾನತೆ.

## ಹಿನ್ನೆಲೆ

ಚಲನೆಯನ್ನು ಉಳಿಸಿಕೊಳ್ಳಲು ಬಲ ಬೇಕೆಂಬ ಅಭಿಪ್ರಾಯವು ಅರಿಸ್ಟಾಟಲನ ಕಾಲದಿಂದ ಪ್ರಚಲಿತವಾಗಿತ್ತು. ನೆಲದ ಮೇಲಿನ ಪ್ರತಿಯೊಂದು ವಸ್ತುವೂ ತಳ್ಳುವುದನ್ನು ಬಿಟ್ಟೊಡನೆ ನಿಲ್ಲುವುದರಿಂದ ಅದು ಅನುಭವಕ್ಕೆ ಹೊಂದುವಂತೆಯೂ ಇತ್ತು. ಇಟಲಿಯ ಗೆಲಿಲಿಯೋ (1564–1642) ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ, ತಡೆಯಿಲ್ಲದಿದ್ದರೆ ಮಟ್ಟಸ ನೆಲದ ಮೇಲಿನ ಚಲನೆಯು ಮುಂದುವರಿಯುತ್ತಲೇ ಇರುತ್ತದೆ ಎಂದು ತರ್ಕಿಸಿದನು. ನಿಲ್ಲಿಸುವುದು ಬಲದ ಅಭಾವವಲ್ಲ, ಘರ್ಷಣೆಯೆಂಬ ಇನ್ನೊಂದು ಬಲ ಎಂಬ ಈ ತಿಳಿವಳಿಕೆಯ ಮೇಲೆ ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಮೂರು ನಿಯಮಗಳನ್ನು ನಿರೂಪಿಸಿದನು. ಘರ್ಷಣೆಯು ಹೊರೆಗೆ ಅನುಪಾತದಲ್ಲಿರುತ್ತದೆ ಎಂಬುದನ್ನು ಫ್ರಾನ್ಸಿನ ಗಿಯೋಮ್ ಅಮೊಂಟನ್ 1699ರಲ್ಲಿ ಮಂಡಿಸಿದನು. ಅದೇ ದೇಶದ ಕೂಲಾಂಬನು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ನಿಂತ ವಸ್ತುವಿನ ಘರ್ಷಣೆಯನ್ನೂ ಜಾರುವ ವಸ್ತುವಿನ ಘರ್ಷಣೆಯನ್ನೂ ವಿಸ್ತಾರವಾಗಿ ಅಳೆದನು.

## ಮಿತಿಗಳು

ನ್ಯೂಟನ್ನನ ನಿಯಮಗಳಂತೆ ಘರ್ಷಣೆಯ ನಿಯಮಗಳು ಮೂಲಭೂತವಾದವಲ್ಲ. ಅಳತೆಗಳಿಂದ ಬಂದ ಅಂದಾಜುಗಳು. ಜಾರುವ ವೇಗ ಏನೇ ಇದ್ದರೂ ಘರ್ಷಣೆ ಒಂದೇ ಎಂದು ಲೆಕ್ಕಗಳು ಹಿಡಿಯುತ್ತವೆ. ಒಣ ಮೇಲ್ಮೈಗಳಿಗೆ, ಸಾಧಾರಣ ವೇಗಗಳಿಗೆ ಇದು ಹೊಂದುತ್ತದೆ. ನೆಲಕ್ಕೆ ಎಣ್ಣೆ ಅಥವಾ ನೀರು ತಾಗಿದ್ದರೆ ಹೊಂದುವುದಿಲ್ಲ. ಗಾಳಿಯ ತಡೆಯು ವೇಗ ಹೆಚ್ಚಿದಂತೆ ಹೆಚ್ಚುವುದರಿಂದ ವೇಗವಾಗಿ ಓಡುವ ರೈಲಿಗೆ ತಡೆಯನ್ನು ಒಂದೇ ಸಂಖ್ಯೆಯಾಗಿ ಕೊಡಲು ಬರುವುದಿಲ್ಲ. ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಓರೆಯಾಗಿ ಮೇಲಕ್ಕೆ ಎಳೆದರೆ ಲಂಬ ಪ್ರತಿಕ್ರಿಯೆ ಕಡಿಮೆಯಾಗಿ ಘರ್ಷಣೆಯೂ ತಗ್ಗುತ್ತದೆ; ಮೇಲಿನಿಂದ ಓರೆಯಾಗಿ ಕೆಳಕ್ಕೆ ತಳ್ಳಿದರೆ ಎರಡೂ ಹೆಚ್ಚುತ್ತವೆ. ಒಂಬತ್ತನೆಯ ತರಗತಿಯ ಲೆಕ್ಕಗಳು ಬಲವು ನೆಲಕ್ಕೆ ಸಮಾಂತರವಾಗಿದೆ ಎಂದೇ ಭಾವಿಸುತ್ತವೆ. ಪ್ರಶ್ನೆಯು ಹಾಗೆ ಸ್ಪಷ್ಟವಾಗಿ ಹೇಳದಿದ್ದರೂ ಉತ್ತರವು ಆ ಭಾವನೆಯ ಮೇಲೆಯೇ ನಿಂತಿರುತ್ತದೆ.